ಡಾಪ್ಲರ್‌ನಲ್ಲಿ 144 ಬಂತು, ಸರಿ. ಆದರೆ ಅದು ಯಾರ ಬಡಿತ?

ಪ್ರಶ್ನೆ: ನಮ್ಮ ಮನೆ ಸಿದ್ದಾಪುರದಿಂದ ಸಾಕಷ್ಟು ಒಳಗೆ. ಮಗಳಿಗೆ ಎಂಟನೇ ತಿಂಗಳು, ತವರಿಗೆ ಬಂದಿದ್ದಾಳೆ. ಈ ಮಳೆಯಲ್ಲಿ ಆಸ್ಪತ್ರೆಗೆ ಹೋಗಿಬರುವುದೇ ಕಷ್ಟ. ಆನ್‌ಲೈನ್‌ನಲ್ಲಿ ಸಿಗುವ ಡಾಪ್ಲರ್ ತರಿಸಿ ದಿನಾ ಮಗುವಿನ ಎದೆಬಡಿತ ಕೇಳಿಕೊಂಡರೆ ಒಳ್ಳೆಯದಲ್ಲವೇ?

ಬೇಡ. ಪ್ರತಿ ಮಳೆಗಾಲಕ್ಕೂ ಇದೇ ಉತ್ತರ ಬರೆಯುತ್ತೇವೆ, ಆದರೂ ಪ್ರಶ್ನೆ ನಿಲ್ಲುವುದಿಲ್ಲ. ಅದರ ಬೇರಿನಲ್ಲಿರುವುದು ಒಂದೇ ನಂಬಿಕೆ: ಎದೆಬಡಿತ ಕೇಳಿಸಿತೆಂದರೆ ಮಗು ಚೆನ್ನಾಗಿದೆ. ಈ ನಂಬಿಕೆಯೇ ತಪ್ಪು.

ಮಾಸಿನಿಂದ ಬರುವ ಆಮ್ಲಜನಕ ಕಡಿಮೆಯಾಗತೊಡಗಿದರೆ ಮಗು ಕೈಕಾಲು ಆಡಿಸುವುದನ್ನು ತಗ್ಗಿಸುತ್ತದೆ. ಇದ್ದಷ್ಟನ್ನು ಮಿದುಳಿಗೆ, ಹೃದಯಕ್ಕೆ ಉಳಿಸಿಕೊಳ್ಳುತ್ತದೆ. ಆಗಲೂ ಹೃದಯ ನಿಮಿಷಕ್ಕೆ 110ರಿಂದ 160ರೊಳಗೆ, ಅಂದರೆ ಸಹಜ ಮಿತಿಯಲ್ಲೇ ಬಡಿಯುತ್ತಿರಬಹುದು. ಮೊದಲು ಕಡಿಮೆಯಾಗುವುದು ಆಟ, ಬಡಿತ ಕುಸಿಯುವುದು ಬಹಳ ತಡವಾಗಿ. ಹಾಗಾಗಿ ಮಗುವಿನ ಆಟ ಕಡಿಮೆಯಾದ ದಿನ ಡಾಪ್ಲರ್ ಹಚ್ಚಿ 140 ನೋಡಿ ಸಮಾಧಾನಪಟ್ಟರೆ, ತಾಯಿಗೆ ಸಿಕ್ಕಿದ್ದ ಸೂಚನೆಯನ್ನು ಕೈಯಾರೆ ಅಳಿಸಿಹಾಕಿದಂತೆ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಮಾಡುವ ಎನ್‌ಎಸ್‌ಟಿ ಬೇರೆಯೇ ಪರೀಕ್ಷೆ. ಅಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಬಡಿತವನ್ನು ಕಾಗದದ ಮೇಲೆ ಬರೆಸುತ್ತಾರೆ. ವೈದ್ಯರು ನೋಡುವುದು ಗೆರೆಯ ಏರಿಳಿತವನ್ನು. ಎಂಟು ತಿಂಗಳು ದಾಟಿದ ಆರೋಗ್ಯವಂತ ಮಗು ಅಲುಗಿದಾಗ ಬಡಿತ ಹದಿನೈದರಷ್ಟು ಮೇಲೇರಿ, ಹದಿನೈದು ಸೆಕೆಂಡಾದರೂ ಕಳೆದು ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಏರಿಳಿತವೇ ಇಲ್ಲದ ಸಪಾಟು ಗೆರೆ 140ರಲ್ಲೇ ಸಾಗುತ್ತಿದ್ದರೂ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಮನೆಯ ಡಾಪ್ಲರ್ ಪರದೆಯಲ್ಲಿ ಈ ಎರಡೂ ಬಗೆಯ ಬಡಿತ ಕಾಣುವುದು ಒಂದೇ ಅಂಕಿಯಾಗಿ.

ಆ ಅಂಕಿ ಮಗುವಿನದೇ ಎಂಬ ಭರವಸೆಯೂ ಇಲ್ಲ. ಡಾಪ್ಲರ್ ಹಿಡಿಯುವುದು ಚಲನೆಯನ್ನು: ತಾಯಿಯ ದೊಡ್ಡ ರಕ್ತನಾಳ, ಮಾಸಿನೊಳಗಿನ ರಕ್ತದ ಹರಿವು, ಎಲ್ಲದಕ್ಕೂ ಅದು ಸದ್ದು ಮಾಡುತ್ತದೆ. ತಾಯಿಯ ನಾಡಿ 72 ಇದ್ದು, ಯಂತ್ರ ಒಂದು ಬಡಿತವನ್ನು ಎರಡಾಗಿ ಎಣಿಸಿದರೆ ಪರದೆಯಲ್ಲಿ 144. ಇಷ್ಟೂ ಬೇಕಿಲ್ಲ, ಗಾಬರಿಯಾದ ಬಸುರಿಯ ನಾಡಿ ತಾನಾಗಿಯೇ 120 ದಾಟಬಲ್ಲದು. ಹೊಟ್ಟೆಯಲ್ಲಿ ಮಗು ತೀರಿಕೊಂಡಿದ್ದರೂ ಡಾಪ್ಲರ್ ಅಂಕಿ ತೋರಿಸಬಲ್ಲದು.

2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಗ್ಲೆಂಡಿನ ವೈದ್ಯರು ಇಂಥದೇ ಪ್ರಕರಣವೊಂದನ್ನು ವರದಿ ಮಾಡಿದರು. 38 ವಾರದ ಗರ್ಭಿಣಿಗೆ ಮಗುವಿನ ಆಟ ಕಡಿಮೆಯಾದದ್ದು ಗೊತ್ತಾಗಿತ್ತು. ಮನೆಯ ಡಾಪ್ಲರ್‌ನಲ್ಲಿ ಬಡಿತ ಕೇಳಿ ಧೈರ್ಯ ತಂದುಕೊಂಡು ಕಾದರು. ಆಸ್ಪತ್ರೆಗೆ ಬರುವಷ್ಟರಲ್ಲಿ ಮಗು ತೀರಿಕೊಂಡಿತ್ತು. ಅವರು ಕೇಳಿದ್ದು ತಮ್ಮದೇ ನಾಡಿಯನ್ನೋ ಮಾಸಿನ ಹರಿವನ್ನೋ ಇರಬೇಕು ಎಂದು ವೈದ್ಯರು ಬರೆದರು.

ಆಸ್ಪತ್ರೆ ದೂರ ಎಂಬುದು ಡಾಪ್ಲರ್ ಕೊಳ್ಳಲು ಕಾರಣವಲ್ಲ, ಬೇಗ ಹೊರಡಲು ಕಾರಣ. ಏಳು ತಿಂಗಳಾದ ಮೇಲೆ ದಿನಾ ಒಂದೇ ಹೊತ್ತಿಗೆ, ಊಟವಾದ ಮೇಲೆ, ಎಡಮಗ್ಗುಲಿಗೆ ಮಲಗಿ ಮಗುವಿನ ಆಟ ಗಮನಿಸಲಿ. ಒದೆತ, ಹೊರಳು, ತಿವಿತ ಎಲ್ಲವೂ ಲೆಕ್ಕಕ್ಕಿದೆ. ಎರಡು ತಾಸಿನಲ್ಲಿ ಹತ್ತು ಆಗದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಹತ್ತು ಆದರೂ ದಿನದಂತಿಲ್ಲ ಎಂದು ಅವಳಿಗೆ ಅನ್ನಿಸಿದರೆ ಅದೂ ಸಾಕು. ಪೂರ್ತಿ ನಿಂತೇಹೋಗಿದ್ದರೆ ಎರಡು ತಾಸೂ ಕಾಯಬೇಡಿ. ಹೆರಿಗೆ ಹತ್ತಿರ ಬಂದಾಗ ಜಾಗ ಸಾಲದೆ ಆಟ ಕಡಿಮೆಯಾಗುತ್ತದೆ ಎಂದು ಹಿರಿಯರು ಹೇಳುವುದುಂಟು. ಆಟದ ರೀತಿ ಬದಲಾದೀತು, ಕಡಿಮೆಯಾಗಬಾರದು.

ರಾತ್ರಿ ಎನ್‌ಎಸ್‌ಟಿ ಮಾಡುವ ಆಸ್ಪತ್ರೆ ಹತ್ತಿರದಲ್ಲಿ ಯಾವುದು, ಸಿದ್ದಾಪುರವೋ ಶಿರಸಿಯೋ, ಈಗಲೇ ಕೇಳಿಟ್ಟುಕೊಳ್ಳಿ. ಯಾರ ಗಾಡಿ, 108 ನಿಮ್ಮ ಮನೆಯ ತನಕ ಬರುತ್ತದೆಯೋ ರಸ್ತೆಯವರೆಗೆ ಮಾತ್ರವೋ ಎಂಬುದನ್ನೂ. ಸಂಜೆ ಅನುಮಾನ ಬಂದರೆ ಬೆಳಗಿಗೆಂದು ಮುಂದೂಡಬೇಡಿ.

ತಪಾಸಣೆಗೆ ಬರುವ ಸಿಸ್ಟರ್ ಕೈಯಲ್ಲೂ ಅದೇ ಡಾಪ್ಲರ್ ಇರುತ್ತದಲ್ಲ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಅವರು ಮೊದಲು ಹೊಟ್ಟೆ ಮುಟ್ಟಿ ಮಗುವಿನ ಬೆನ್ನು ಯಾವ ಕಡೆ ಎಂದು ಹುಡುಕುತ್ತಾರೆ. ಅಲ್ಲಿ ಡಾಪ್ಲರ್ ಇಟ್ಟು, ಇನ್ನೊಂದು ಕೈಯಲ್ಲಿ ತಾಯಿಯ ಮಣಿಕಟ್ಟಿನ ನಾಡಿ ಹಿಡಿದು, ಎರಡೂ ಬೇರೆ ಬೇರೆ ಎಂದು ಖಾತ್ರಿಯಾದ ಮೇಲೆ ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ಇಷ್ಟೆಲ್ಲ ಮಾಡಿಯೂ, ಆಟ ಕಡಿಮೆ ಎಂದು ತಾಯಿ ಹೇಳಿದರೆ ಆ ಅಂಕಿಯನ್ನು ನಂಬಿ ಮನೆಗೆ ಕಳಿಸುವುದಿಲ್ಲ, ಎನ್‌ಎಸ್‌ಟಿಗೆ ಕಳಿಸುತ್ತಾರೆ.