ಆಟೋಪೇ ಹಾಕಿದ್ದರೂ ಕರೆಂಟ್ ಕಟ್ ನೋಟಿಸ್ ಯಾಕೆ ಬಂತು?

"ಮೇಡಂ, ಊರಿನ ಮನೆ ಬಿಲ್‌ಗೆ ನಾನೇ ಆಟೋಪೇ ಹಾಕಿದ್ದೀನಿ. ಒಂದು ವರ್ಷದಿಂದ ತಾನಾಗೇ ಹೋಗ್ತಾ ಇತ್ತು. ಈಗ ನೋಡಿದ್ರೆ ಅಮ್ಮನ ಕೈಗೆ ನೋಟಿಸ್ ಕೊಟ್ಟು ಹೋಗಿದ್ದಾರೆ!"

ಕರೆಂಟ್ ಬಿಲ್ ವಸೂಲಿಯ ಲೆಕ್ಕ ನೋಡುವ ಕೆಲಸದಲ್ಲಿ ನಾನು ಹಲವು ವರ್ಷ ಕಳೆದಿದ್ದೇನೆ. ಮೊದಲೆಲ್ಲ ನೋಟಿಸ್ ಹಿಡಿದುಕೊಂಡು ಬರುತ್ತಿದ್ದವರು ಬಿಲ್ ಕಟ್ಟಲು ಮರೆತವರು. ಈಗ ಆಟೋಪೇ ಹಾಕಿ ನೆಮ್ಮದಿಯಾಗಿದ್ದವರೂ ಬರುತ್ತಾರೆ. ಅವರ ಖಾತೆಯಲ್ಲಿ ದುಡ್ಡಿರುತ್ತದೆ, ಕಟ್ಟುವ ಮನಸ್ಸೂ ಇರುತ್ತದೆ. ಆದರೂ ಬಾಕಿ ಉಳಿದಿರುತ್ತದೆ. ಇದು ಹೇಗೆ ಆಗುತ್ತದೆ ಅನ್ನುವುದನ್ನು ಈ ಹುಡುಗನ ಲೆಕ್ಕವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಅಂಕಿಗಳನ್ನು ಸುಲಭ ಮಾಡಿಕೊಂಡಿದ್ದೇನೆ, ಒಂದು ಯೂನಿಟ್‌ಗೆ 8 ರೂಪಾಯಿಯಂತೆ.

ಅವನ ಅಮ್ಮನ ಮನೆಯಲ್ಲಿ ತಿಂಗಳಿಗೆ ಸುಮಾರು 140 ಯೂನಿಟ್ ಖರ್ಚಾಗುತ್ತಿತ್ತು. ಅಂದರೆ ಬಿಲ್ 1,120. ಆಟೋಪೇ ಹಾಕುವಾಗ ಆ್ಯಪ್ "ಗರಿಷ್ಠ ಮೊತ್ತ ಎಷ್ಟು?" ಅಂತ ಕೇಳಿತು. ಅವನು 1,500 ಅಂತ ಹಾಕಿದ. ಬಿಲ್‌ಗಿಂತ ಜಾಸ್ತಿನೇ ಇದೆ, ಸಾಕಲ್ವಾ ಅಂದುಕೊಂಡ. ಬಹುತೇಕ ಎಲ್ಲರೂ ಹೀಗೇ ಮಾಡುವುದು.

ಬೇಸಿಗೆ ಬಂತು. ಮೀಟರ್ ಓದಲು ಬಂದಾಗ ಎರಡು ತಿಂಗಳೂ ಗೇಟಿಗೆ ಬೀಗ ಇತ್ತು, ಅಮ್ಮ ಹೊರಗೆ ಹೋಗಿದ್ದರು. ರೀಡಿಂಗ್ ಸಿಗದಿದ್ದರೆ ಹಳೆಯ ಸರಾಸರಿ ಹಿಡಿದು ಬಿಲ್ ಮಾಡುತ್ತಾರೆ. ಹಾಗಾಗಿ ಎರಡೂ ತಿಂಗಳು 140 ಯೂನಿಟ್‌ಗೇ ಬಿಲ್ ಬಂತು. ಮನೆಯಲ್ಲಿ ನಿಜವಾಗಿ ಖರ್ಚಾಗಿದ್ದು ತಿಂಗಳಿಗೆ 190. ತಿಂಗಳಿಗೆ 50ರಂತೆ 100 ಯೂನಿಟ್ ಲೆಕ್ಕಕ್ಕೆ ಬರದೆ ಮೀಟರಿನಲ್ಲೇ ಉಳಿಯಿತು. ಮೂರನೇ ತಿಂಗಳು ರೀಡಿಂಗ್ ಸಿಕ್ಕಿತು. ಆ ತಿಂಗಳ 190, ಹಿಂದಿನ 100, ಒಟ್ಟು 290 ಯೂನಿಟ್. ಬಿಲ್ 2,320.

ಆಟೋಪೇ ಲಿಮಿಟ್ 1,500 ಅಲ್ವಾ? ಅದು 1,500 ಕಟ್ಟಿ ಉಳಿದದ್ದನ್ನು ಬಾಕಿ ಬಿಡುವುದಿಲ್ಲ. ಒಂದು ಪೈಸೆಯನ್ನೂ ಕಟ್ಟುವುದಿಲ್ಲ, ಸುಮ್ಮನೆ ನಿಂತುಬಿಡುತ್ತದೆ. ಆ್ಯಪ್ ಒಂದು ಸಂದೇಶ ಕಳಿಸಿತ್ತು. ಆದರೆ ಅವನು ಜಾಹೀರಾತಿನ ಕಾಟ ತಾಳಲಾರದೆ ಆ ಆ್ಯಪ್‌ನ ನೋಟಿಫಿಕೇಶನ್ ಆಫ್ ಮಾಡಿಟ್ಟಿದ್ದ.

ನಾಲ್ಕನೇ ತಿಂಗಳು ಸೆಖೆ ಕಡಿಮೆಯಾಗಿ 120 ಯೂನಿಟ್ ಮಾತ್ರ ಖರ್ಚಾಯಿತು. ಆ ತಿಂಗಳದ್ದು ಬರೀ 960. ಲಿಮಿಟ್ ಒಳಗೇ ಇದೆ. ಆದರೆ ಬಿಲ್‌ನಲ್ಲಿ ಹಳೆಯ ಬಾಕಿ 2,320 ಸೇರಿತ್ತು, ತಡ ಶುಲ್ಕ 40 ಸೇರಿತ್ತು. ಕಟ್ಟಬೇಕಾದ ಒಟ್ಟು ಮೊತ್ತ 3,320. ಆಟೋಪೇ ನೋಡುವುದು ಈ ಒಟ್ಟು ಮೊತ್ತವನ್ನು. ಮತ್ತೆ ನಿಂತಿತು. ಒಂದು ಸಲ ಲಿಮಿಟ್ ದಾಟಿತು ಅಂದರೆ ಮುಂದಿನ ಬಿಲ್ ಬಾಕಿ ಹೊತ್ತುಕೊಂಡೇ ಬರುತ್ತದೆ. ಹಾಗಾಗಿ ಆಟೋಪೇ ತಾನಾಗಿ ಸರಿಹೋಗುವುದೇ ಇಲ್ಲ. ನೀವು ಕೈ ಹಾಕಿ ಒಮ್ಮೆ ಬಾಕಿ ತೀರಿಸಲೇಬೇಕು.

ಇನ್ನೊಂದು ವಿಷಯ. ನಾಲ್ಕನೇ ತಿಂಗಳ ಬಿಲ್‌ನಲ್ಲಿ ಕಟ್ಟಲು ಕೊನೆಯ ದಿನ ಅಂತ ಒಂದು ತಾರೀಕು ಇತ್ತು. ಅಲ್ಲಿವರೆಗೆ ಸಮಯ ಇದೆ ಅಂತ ಅಮ್ಮ ಅಂದುಕೊಂಡರು. ಆ ತಾರೀಕು ಹೊಸ ಬಿಲ್ಲಿನದು, ಆ 960ರದ್ದು. ಬಾಕಿಯ ಗಡುವು ಹಿಂದಿನ ತಿಂಗಳೇ ಮುಗಿದಿದೆ. ನೋಟಿಸ್ ಬರುವುದು ಬಾಕಿಯ ಮೇಲೆ. ಬಿಲ್ ಕೈಗೆ ಬಂದಾಗ ಒಟ್ಟು ಮೊತ್ತಕ್ಕಿಂತ ಮೊದಲು "ಬಾಕಿ" ಅಂತ ಇರುವ ಸಾಲನ್ನು ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಅಲ್ಲಿ ಸೊನ್ನೆ ಇದ್ದರೆ ಹೋದ ತಿಂಗಳಿನದು ತೀರಿದೆ. ಏನಾದರೂ ಅಂಕಿ ಇದ್ದರೆ ಅವತ್ತೇ ವಿಚಾರಿಸಿ.

ಹಾಗಾದರೆ ಲಿಮಿಟ್ ಎಷ್ಟು ಇಡಬೇಕು? ಹಿಂದಿನ ಹನ್ನೆರಡು ತಿಂಗಳ ಬಿಲ್ ತೆಗೆದು ನೋಡಿ. ಅದರಲ್ಲಿ ಅತಿ ಜಾಸ್ತಿ ಬಂದದ್ದು ಯಾವುದೋ ಅದರ ಎರಡರಷ್ಟು ಇಡಿ. ಒಂದು ತಿಂಗಳು ಏನೋ ಕಾರಣಕ್ಕೆ ತಪ್ಪಿದರೂ ಎರಡು ತಿಂಗಳದ್ದು ಸೇರಿ ಮುಂದಿನ ಸಲ ಹೋಗುತ್ತದೆ. ಈ ಮನೆಯಲ್ಲಿ ಹಿಂದಿನ ವರ್ಷದ ದೊಡ್ಡ ಬಿಲ್ 1,400 ಇತ್ತು. ಲಿಮಿಟ್ 2,800 ಇಟ್ಟಿದ್ದರೆ 2,320 ಮೊದಲ ಸಲವೇ ಹೋಗಿಬಿಡುತ್ತಿತ್ತು.

ಲಿಮಿಟ್ ಜಾಸ್ತಿ ಇಟ್ಟರೆ ಜಾಸ್ತಿ ದುಡ್ಡು ಎಳೆದುಕೊಳ್ಳುತ್ತಾರೆ ಅಂತ ಹೆದರುವವರಿದ್ದಾರೆ. ಹಾಗಿಲ್ಲ. ಬಿಲ್ ಎಷ್ಟಿದೆಯೋ ಅಷ್ಟೇ ಹೋಗುತ್ತದೆ. ಹಾಗಂತ ಬೇಕಾಬಿಟ್ಟಿ ದೊಡ್ಡ ಅಂಕಿ ಹಾಕಬೇಡಿ. ಮೀಟರ್ ಕೆಟ್ಟು, ಅಥವಾ ರೀಡಿಂಗ್ ತಪ್ಪಾಗಿ ದಾಖಲಾಗಿ ಹತ್ತುಪಟ್ಟು ಬಿಲ್ ಬಂದ ಉದಾಹರಣೆಗಳನ್ನು ನಾನೇ ನೋಡಿದ್ದೇನೆ. ಅಂಥ ಬಿಲ್ ಎದುರು ಲಿಮಿಟ್ ನಿಮ್ಮನ್ನು ಕಾಪಾಡುತ್ತದೆ. ಕಟ್ಟಿದ ಮೇಲೆ ವಾಪಸ್ ಪಡೆಯುವುದಕ್ಕಿಂತ ಕಟ್ಟುವ ಮೊದಲು ದೂರು ಕೊಡುವುದು ಎಷ್ಟೋ ಸುಲಭ. ಇನ್ನೂ ಒಂದು: ಮೊತ್ತ ಒಂದು ಮಟ್ಟ ದಾಟಿದರೆ ನಿಮ್ಮ ಲಿಮಿಟ್ ಎಷ್ಟೇ ಇದ್ದರೂ ಬ್ಯಾಂಕ್ ಪಿನ್ ಅಥವಾ ಒಟಿಪಿ ಕೇಳಬಹುದು. ನೀವು ಒಪ್ಪಿಗೆ ಕೊಡದಿದ್ದರೆ ದುಡ್ಡು ಹೋಗುವುದಿಲ್ಲ. ನೋಟಿಫಿಕೇಶನ್ ಆಫ್ ಮಾಡಬೇಡಿ ಅನ್ನುವುದು ಈ ಕಾರಣಕ್ಕೂ ಹೌದು.

ತಾರೀಕಿನ ವಿಷಯಕ್ಕೆ ಬರೋಣ. ಕೊನೆಯ ದಿನಕ್ಕೇ ಆಟೋಪೇ ಇಡುವವರು ಬಹಳ. ದುಡ್ಡು ಕೊನೆವರೆಗೂ ಖಾತೆಯಲ್ಲಿ ಇರಲಿ ಅಂತ. ನನ್ನ ಸಲಹೆ, ಕೊನೆಯ ದಿನಕ್ಕಿಂತ ಐದು ದಿನ ಮುಂಚೆ ಇಡಿ. ನಿಮ್ಮ ಖಾತೆಯಿಂದ ದುಡ್ಡು ಹೊರಡುವುದು ಒಂದು ಕೆಲಸ. ಅದು ವಿದ್ಯುತ್ ಕಂಪನಿಯ ಲೆಕ್ಕದಲ್ಲಿ ನಿಮ್ಮ ಹೆಸರಿಗೆ ಜಮೆಯಾಗುವುದು ಇನ್ನೊಂದು ಕೆಲಸ. ನಡುವೆ ಒಂದೆರಡು ದಿನ ಹಿಡಿಯಬಹುದು, ರಜೆ ಬಂದರೆ ಇನ್ನೂ ಜಾಸ್ತಿ. ಮೊದಲ ಪ್ರಯತ್ನದಲ್ಲಿ ಹೋಗದಿದ್ದರೆ ಮತ್ತೆ ಪ್ರಯತ್ನಿಸಲೂ ಸಮಯ ಬೇಕು.

ಆದರೆ ತೀರಾ ಮುಂಚೆ ಇಟ್ಟರೂ ಕಷ್ಟ. ಕೆಲವು ಆ್ಯಪ್‌ಗಳು ಪ್ರತಿ ತಿಂಗಳು ಒಂದು ನಿಗದಿ ತಾರೀಕಿಗೆ ಮಾತ್ರ ಬಿಲ್ ಹುಡುಕುತ್ತವೆ. ಆ ತಿಂಗಳು ರೀಡಿಂಗ್ ನಾಲ್ಕು ದಿನ ತಡವಾದರೆ ಆ್ಯಪ್‌ಗೆ ಬಿಲ್ಲೇ ಸಿಗುವುದಿಲ್ಲ. "ಬಾಕಿ ಬಿಲ್ ಇಲ್ಲ" ಅಂತ ತೋರಿಸಿ ಮುಂದಿನ ತಿಂಗಳಿಗೆ ಹೋಗಿಬಿಡುತ್ತದೆ. ಆ ಸಾಲನ್ನು ನೋಡಿ, ಕಟ್ಟಿಯಾಗಿದೆ ಅಂತ ತಿಳಿದುಕೊಂಡವರು ಎಷ್ಟೋ ಜನ. ಬಿಲ್ ಇನ್ನೂ ಬಂದಿಲ್ಲ ಅಂತಲೂ ಅದಕ್ಕೆ ಅರ್ಥ ಇದೆ.

ಹೀಗಾಗಿ ನಾನು ಫೋನಿನಲ್ಲಿ ಇಟ್ಟುಕೊಂಡಿರುವುದು ಎರಡು ರಿಮೈಂಡರ್. ಮೊದಲನೆಯದು ಬಿಲ್ ಬರುವ ದಿನದ ಎರಡು ದಿನದ ನಂತರ: "ಬಿಲ್ ಬಂತಾ? ಎಷ್ಟು? ಬಾಕಿ ಸಾಲು ಸೊನ್ನೆ ಇದೆಯಾ?" ಎರಡನೆಯದು ಕೊನೆಯ ದಿನಕ್ಕೆ ಎರಡು ದಿನ ಮುಂಚೆ: "ಕಂಪನಿ ಲೆಕ್ಕದಲ್ಲಿ ಜಮೆ ಆಯ್ತಾ?" ಬರೀ "ಕರೆಂಟ್ ಬಿಲ್" ಅಂತ ಬರೆದಿಟ್ಟರೆ ಆಟೋಪೇ ಇದೆಯಲ್ಲ ಅಂತ ಕೈ ತಾನಾಗಿ ಅದನ್ನು ಅಳಿಸಿಬಿಡುತ್ತದೆ. ಪ್ರಶ್ನೆಯಾಗಿ ಬರೆದರೆ ಉತ್ತರ ಹುಡುಕಬೇಕಾಗುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ನೋಡಬೇಕಾದದ್ದು ಪಾವತಿ ಆ್ಯಪ್‌ನಲ್ಲಿ ಅಲ್ಲ. ವಿದ್ಯುತ್ ಕಂಪನಿಯ ಸ್ವಂತ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಗ್ರಾಹಕ ಸಂಖ್ಯೆ ಹಾಕಿ ನೋಡಿ. ಪಾವತಿ ಆ್ಯಪ್‌ನ ಹಸಿರು ಟಿಕ್ ಹೇಳುವುದು ದುಡ್ಡು ಹೊರಟಿದೆ ಅಂತ. ಕರೆಂಟ್ ಕಟ್ ಮಾಡಲು ಬರುವ ಲೈನ್‌ಮನ್ ಕೈಯಲ್ಲಿರುವ ಪಟ್ಟಿ ತಯಾರಾಗುವುದು ಕಂಪನಿಯ ಲೆಕ್ಕದಿಂದ.

ಖಾತೆಯಿಂದ ದುಡ್ಡು ಕಡಿತವಾಗಿ ಆ್ಯಪ್‌ನಲ್ಲಿ "ಪೆಂಡಿಂಗ್" ಅಂತ ತೋರಿಸುತ್ತಿದ್ದರೆ ಗಾಬರಿಯಲ್ಲಿ ಅಲ್ಲೇ ಮತ್ತೆ ಕಟ್ಟಬೇಡಿ. ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಂಡು, ಕೊನೆಯ ದಿನ ದೂರ ಇದ್ದರೆ ಎರಡು ದಿನ ಕಾಯಿರಿ. ಒಂದೋ ಜಮೆಯಾಗುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ನೋಟಿಸ್ ಬಂದು ಫ್ಯೂಸ್ ಕೀಳುವ ದಿನ ಹತ್ತಿರ ಇದ್ದರೆ ಮಾತ್ರ ಕಾಯುವುದು ಬೇಡ. ಕಂಪನಿಯ ಕೌಂಟರ್ ಅಥವಾ ಸ್ವಂತ ಆ್ಯಪ್‌ನಲ್ಲಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಅಕಸ್ಮಾತ್ ಎರಡು ಸಲ ಹೋದರೂ ಸಾಮಾನ್ಯವಾಗಿ ಹೆಚ್ಚಿಗೆ ಬಂದದ್ದನ್ನು ಮುಂದಿನ ಬಿಲ್‌ನಲ್ಲಿ ಕಳೆದುಕೊಳ್ಳುತ್ತಾರೆ. ಕರೆಂಟ್ ಹೋದ ಮೇಲೆ ಕಟ್ಟಿದರೆ ಮತ್ತೆ ಸಂಪರ್ಕ ಕೊಡುವ ಶುಲ್ಕವೂ ಸೇರಬಹುದು.

"ಇವತ್ತು ರಾತ್ರಿಯೇ ಕರೆಂಟ್ ಕಟ್ ಆಗುತ್ತದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ" ಅಂತ ಬರುವ ಎಸ್ಸೆಮ್ಮೆಸ್ ಬೇರೆ ಜಾತಿಯದು. ಅದರಲ್ಲಿ ಸಾಮಾನ್ಯವಾಗಿ ಗ್ರಾಹಕ ಸಂಖ್ಯೆ ಇರುವುದಿಲ್ಲ, ಬಾಕಿ ಎಷ್ಟು ಅಂತ ಸರಿಯಾಗಿ ಇರುವುದಿಲ್ಲ, ಕೊಟ್ಟಿರುವುದು ಯಾರದೋ ಮೊಬೈಲ್ ನಂಬರ್. ಫೋನ್ ಮಾಡಿದರೆ ಯಾವುದೋ ಆ್ಯಪ್ ಹಾಕಿಸಿ ನಿಮ್ಮ ಸ್ಕ್ರೀನ್ ನೋಡುತ್ತಾ ಖಾತೆ ಖಾಲಿ ಮಾಡುತ್ತಾರೆ. ಅದರಲ್ಲಿ ಲಿಂಕ್ ಇದ್ದರೆ ಒತ್ತಬೇಡಿ, ಆ ನಂಬರಿಗೆ ಮಾತಾಡಬೇಡಿ. ಹಳೆಯ ಬಿಲ್ ಮೇಲೆ ಅಚ್ಚಾಗಿರುವ ನಂಬರಿಗೆ ಫೋನ್ ಮಾಡಿ ಕೇಳಿ.

ಆ ಹುಡುಗನ ಕಥೆಗೆ ವಾಪಸ್ ಬರುತ್ತೇನೆ. ಅವತ್ತೇ 3,320 ಕಟ್ಟಿಸಿದೆವು. ರಸೀದಿಯ ಫೋಟೋ ಅಮ್ಮನ ಫೋನಿಗೂ ಕಳಿಸಲು ಹೇಳಿದೆ. ಪಟ್ಟಿ ಹಿಡಿದು ಮನೆಗೆ ಬಂದವರಿಗೆ ತೋರಿಸಲು ಅದು ಬೇಕು. ಒಮ್ಮೆಗೇ ಬಂದ 290 ಯೂನಿಟ್ ಬಗ್ಗೆಯೂ ಕೇಳಿದ. ನಿಮ್ಮಲ್ಲಿ ಯೂನಿಟ್ ಜಾಸ್ತಿಯಾದಂತೆ ದರ ಏರುವ ಪದ್ಧತಿ ಇದ್ದರೆ ಇದು ಕೇಳಲೇಬೇಕಾದ ಪ್ರಶ್ನೆ. ಹಿಂದಿನ ತಿಂಗಳುಗಳ ಖರ್ಚನ್ನೂ ಒಂದೇ ತಿಂಗಳಿಗೆ ಹಾಕಿದರೆ ಸುಮ್ನೆ ಮೇಲಿನ ದರ ಬೀಳುತ್ತದೆ. ತಿಂಗಳಿಗೆ ಇಷ್ಟಿಷ್ಟು ಅಂತ ಹಂಚಿ ಲೆಕ್ಕ ಮಾಡಿಕೊಡಿ ಅಂತ ಅರ್ಜಿ ಕೊಡಿ. ಇವನ ಬಿಲ್‌ನಲ್ಲಿ ಒಂದೇ ದರ ಇದ್ದುದರಿಂದ ವ್ಯತ್ಯಾಸ ಬರಲಿಲ್ಲ.

ಆಮೇಲೆ ಅಲ್ಲೇ ಕೂತು ಹಳೆಯ ಆಟೋಪೇ ರದ್ದು ಮಾಡಿದ. ಬ್ಯಾಂಕಿನ ಆ್ಯಪ್‌ನಲ್ಲೂ ಅದು ಹೋಗಿದೆಯಾ ಅಂತ ನೋಡಿದ, ಇಲ್ಲದಿದ್ದರೆ ಹಳೆಯದು, ಹೊಸದು ಎರಡೂ ಸೇರಿ ಎರಡು ಸಲ ದುಡ್ಡು ಹೋಗುವ ಸಾಧ್ಯತೆ ಇರುತ್ತದೆ. ಅತಿ ದೊಡ್ಡ ಬಿಲ್ ಈಗ 2,320 ಆಗಿತ್ತು, ಆದರೆ ಅದರಲ್ಲಿ 100 ಯೂನಿಟ್ ಹಳೆಯದು. ಅದನ್ನು ಬಿಟ್ಟರೆ 190 ಯೂನಿಟ್, ಅಂದರೆ 1,520. ಹೊಸ ಲಿಮಿಟ್ 3,100 ಇಟ್ಟ. ಕಂಪನಿಯ ಲೆಕ್ಕದಲ್ಲಿ ಇದ್ದ ಫೋನ್ ನಂಬರ್ ತೀರಿಹೋದ ಅಪ್ಪನದು. ಅದನ್ನು ಬದಲಾಯಿಸಿ ತನ್ನ ನಂಬರ್ ಕೊಟ್ಟ. ಹೊರಡುವ ಮೊದಲು ಅಮ್ಮನಿಗೆ ಫೋನ್ ಮಾಡಿ, ಮೀಟರ್ ಓದುವವರು ಬರುವ ವಾರ ಗೇಟಿನ ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿರಲು ಹೇಳಿದ.