ಸತ್ತ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತಳ್ಳುಗಾಡಿಯ ದೀಪ: ಅಧ್ಯಯನ ಟಿಪ್ಪಣಿ

2014ರಲ್ಲಿ ಐಬಿಎಂ ಸಂಸ್ಥೆಯ ಭಾರತದ ಸಂಶೋಧಕರು ‘ಊರ್ಜಾರ್’ ಎಂಬ ಪುಟ್ಟ ವಿದ್ಯುತ್ ಪೆಟ್ಟಿಗೆಯನ್ನು ಮಾಡಿ ಬೆಂಗಳೂರಿನಲ್ಲಿ ಪ್ರಯೋಗಿಸಿದರು. ಒಳಗಿದ್ದದ್ದು ಎಸೆದ ಲ್ಯಾಪ್‌ಟಾಪ್ ಬ್ಯಾಟರಿಯ ಸೆಲ್‌ಗಳು. ಅವರು ಪರೀಕ್ಷಿಸಿದ ಬ್ಯಾಟರಿಗಳಲ್ಲಿ ಕನಿಷ್ಠ ಶೇ 70ರಷ್ಟಕ್ಕೆ ಒಂದು ಎಲ್‌ಇಡಿ ದೀಪವನ್ನು ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಕಾಲ, ಒಂದು ವರ್ಷ ಉರಿಸುವ ಶಕ್ತಿ ಉಳಿದಿತ್ತು. ಹಾಗಿದ್ದೂ ಹಳೆಯ ಸೆಲ್‌ಗಳಿಂದ ತಳ್ಳುಗಾಡಿಗಳಿಗೆ ದೀಪ ಮಾಡಿ ಮಾರುವ ಉದ್ಯಮ ಬೀದಿಬೀದಿಯಲ್ಲಿ ಏಕೆ ಬೆಳೆಯಲಿಲ್ಲ? ನನ್ನ ಮಟ್ಟಿಗೆ ಉತ್ತರ ಸೆಲ್ ವಿಂಗಡಣೆಯಲ್ಲಿದೆ. ಕಚ್ಚಾವಸ್ತು ಅಗ್ಗ, ಆದರೆ ಅದನ್ನು ನಂಬುವಂತೆ ಮಾಡುವ ಕೆಲಸ ದುಬಾರಿ.

ಮೊದಲು ಲ್ಯಾಪ್‌ಟಾಪಿನ ಬ್ಯಾಟರಿ ಪ್ಯಾಕ್ ಏಕೆ ಸಾಯುತ್ತದೆ ಎಂಬುದನ್ನು ನೋಡೋಣ. ಹಳೆಯ ದಪ್ಪ ಲ್ಯಾಪ್‌ಟಾಪ್‌ಗಳ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 18 ಮಿ.ಮೀ. ವ್ಯಾಸದ, 65 ಮಿ.ಮೀ. ಉದ್ದದ ಆರು ಲಿಥಿಯಂ-ಅಯಾನ್ ಸೆಲ್‌ಗಳಿರುತ್ತವೆ. ಎರಡೆರಡು ಸಮಾಂತರವಾಗಿ ಸೇರಿ ಒಂದು ಜೋಡಿ, ಅಂಥ ಮೂರು ಜೋಡಿ ಸರಣಿಯಲ್ಲಿ. ಒಳಗಿನ ರಕ್ಷಣಾ ಸರ್ಕ್ಯೂಟ್ ಮೂರೂ ಜೋಡಿಗಳ ವೋಲ್ಟೇಜನ್ನು ಗಮನಿಸುತ್ತಿರುತ್ತದೆ. ಒಂದು ಜೋಡಿ ತೀರಾ ಕುಸಿದರೆ ಇಡೀ ಪ್ಯಾಕಿಗೆ ಬೀಗ ಹಾಕುತ್ತದೆ. ಮಾಲೀಕರಿಗೆ ಕಾಣುವುದು ಬೀಗ ಮಾತ್ರ. ಹಾಗಾಗಿ ಗುಜರಿಗೆ ಬರುವ ‘ಸತ್ತ’ ಬ್ಯಾಟರಿಯಲ್ಲಿ ಎಷ್ಟೋ ಸಲ ನಾಲ್ಕು ಸೆಲ್‌ಗಳು ಜೀವಂತ ಇರುತ್ತವೆ.

ಲೆಕ್ಕಕ್ಕಾಗಿ ಒಂದು ಪ್ಯಾಕ್ ತೆಗೆದುಕೊಳ್ಳೋಣ. ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ ಮೂರು ಜೋಡಿಗಳು 3.9, 3.9 ಮತ್ತು 1.1 ವೋಲ್ಟ್ ತೋರಿಸುತ್ತವೆ. ಮೂರನೆಯ ಜೋಡಿಯ ಎರಡೂ ಸೆಲ್‌ಗಳನ್ನು ಬಿಟ್ಟುಬಿಡಬೇಕು. ಹಾಳಾದದ್ದು ಒಂದೇ ಇರಬಹುದು, ಆದರೆ ಅದು ತನ್ನ ಜೊತೆಗಾರನನ್ನೂ ಬರಿದು ಮಾಡಿರುತ್ತದೆ. 2 ವೋಲ್ಟ್‌ಗಿಂತ ಕೆಳಗೆ ಬಹುಕಾಲ ಇದ್ದ ಸೆಲ್ಲಿನಲ್ಲಿ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಸಲ್ಲದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು. ಅಂಥ ಸೆಲ್ ಚಾರ್ಜ್ ಹಿಡಿದರೂ ನಂಬುವಂತಿಲ್ಲ. ಹೊಸಬರು ಆಸೆಗೆ ಬೀಳುವುದು ಇಲ್ಲಿಯೇ.

ಉಳಿದ ನಾಲ್ಕನ್ನು ಬೇರ್ಪಡಿಸಿ 0.5 ಆಂಪಿಯರ್‌ನಲ್ಲಿ 4.2 ವೋಲ್ಟ್‌ವರೆಗೆ ಚಾರ್ಜ್ ಮಾಡಬೇಕು. ಇಷ್ಟು ಸಣ್ಣ ಕರೆಂಟಿಗೆ ಸೆಲ್ ಬಿಸಿಯಾಗಬಾರದು. ಮುಟ್ಟಿದಾಗ ಕೈಗೆ ಬಿಸಿ ತಟ್ಟಿದರೆ ಅದನ್ನು ಹೊರಗಿಡಿ. ನಂತರ ಸುಮಾರು ಎರಡು ವಾರ ಹಾಗೆಯೇ ಇಟ್ಟು ಮತ್ತೆ ಅಳೆಯಬೇಕು. ನಮ್ಮ ಉದಾಹರಣೆಯಲ್ಲಿ ಮೂರು 4.17 ವೋಲ್ಟ್‌ನ ಆಸುಪಾಸಿನಲ್ಲಿವೆ, ನಾಲ್ಕನೆಯದು 4.02ಕ್ಕೆ ಇಳಿದಿದೆ. ಅದು ಒಳಗೊಳಗೇ ಸೋರುತ್ತಿದೆ, ಬೇಡ. ಈ ಕಾಯುವಿಕೆಯನ್ನು ಬಿಟ್ಟರೆ ದೋಷ ಕಾಣುವುದು ಗಿರಾಕಿಯ ಗಾಡಿಯಲ್ಲಿ.

ಕೊನೆಗೆ ಸಾಮರ್ಥ್ಯ ಪರೀಕ್ಷೆ. ಪೂರ್ಣ ಚಾರ್ಜ್ ಆದ ಸೆಲ್ಲನ್ನು 0.5 ಆಂಪಿಯರ್‌ನಲ್ಲಿ 3 ವೋಲ್ಟ್‌ವರೆಗೆ ಬರಿದು ಮಾಡಿ ಎಷ್ಟು ಕೊಟ್ಟಿತು ಎಂದು ನೋಡುವುದು. ಹೊಸದಾಗಿದ್ದಾಗ 2,200 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯ ಇದ್ದ ಮೂರು ಸೆಲ್‌ಗಳು ಈಗ 1,620, 1,580 ಮತ್ತು 1,540 ಕೊಟ್ಟವು ಎಂದುಕೊಳ್ಳಿ. ಇವನ್ನು ಸಮಾಂತರವಾಗಿ ಜೋಡಿಸಿದರೆ 4.74 ಆಂಪಿಯರ್-ಗಂಟೆ, 3.7 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 17.5 ವ್ಯಾಟ್-ಗಂಟೆ. ಆಯುಷ್ಯ ಹೆಚ್ಚಲೆಂದು 4.1 ವೋಲ್ಟ್‌ಗೇ ಚಾರ್ಜ್ ನಿಲ್ಲಿಸಿದರೆ ಹತ್ತರಲ್ಲಿ ಒಂದು ಪಾಲು ಹೋಗಿ 15.7ರಷ್ಟು ಉಳಿಯುತ್ತದೆ. 3 ವ್ಯಾಟ್‌ನ ದೀಪ ನಾಲ್ಕು ಗಂಟೆ ಉರಿಯಲು 12, ದೀಪಕ್ಕೆ ಕರೆಂಟ್ ಹೊಂದಿಸಿ ಕೊಡುವ ಡ್ರೈವರ್ ಸರ್ಕ್ಯೂಟ್‌ನ ನಷ್ಟ ಸೇರಿ 14 ವ್ಯಾಟ್-ಗಂಟೆ ಬೇಕು. ಸಾಕಾಗುತ್ತದೆ, ಆದರೆ ಮಿಗುವುದು ಹೆಚ್ಚಿಲ್ಲ.

ಸರಣಿಯ ಬದಲು ಸಮಾಂತರ ಜೋಡಣೆ ಆರಿಸಿದ್ದಕ್ಕೆ ಕಾರಣವಿದೆ. ವಯಸ್ಸು ಬೇರೆ ಬೇರೆಯಾದ ಸೆಲ್‌ಗಳು ಸರಣಿಯಲ್ಲಿದ್ದರೆ ದುರ್ಬಲವಾದದ್ದು ಮೊದಲು ಬರಿದಾಗಿ, ಉಳಿದವು ಅದನ್ನು ಇನ್ನೂ ಕೆಳಗೆ ತಳ್ಳುತ್ತವೆ. ಸಮಾಂತರದಲ್ಲಿ ಆ ತೊಂದರೆ ಇಲ್ಲ. ಆದರೆ ಒಂದು ಕೆಟ್ಟರೆ ಉಳಿದೆರಡೂ ಅದರೊಳಕ್ಕೆ ಕರೆಂಟ್ ಸುರಿಯುತ್ತವೆ. ಅದಕ್ಕೇ ಪ್ರತಿ ಸೆಲ್ಲಿಗೂ ಒಂದೊಂದು ಫ್ಯೂಸ್ ಬೇಕು. ಜೋಡಿಸುವುದು ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡಿ. ಬೆಸುಗೆ ಕೋಲಿನ ಶಾಖ ಸೆಲ್ಲಿನ ಒಳಭಾಗವನ್ನು ಕೆಡಿಸುತ್ತದೆ.

ಈಗ ಉದ್ಯಮದ ಲೆಕ್ಕಕ್ಕೆ ಬರೋಣ. ಒಂದು ಸೆಲ್ಲಿನ ಸಾಮರ್ಥ್ಯ ಪರೀಕ್ಷೆಗೇ ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಎಂಟು ಸೆಲ್ ಹಿಡಿಯುವ ಯಂತ್ರದಲ್ಲಿ ಹಗಲು ಎರಡು ಸರದಿ ಮುಗಿಸಿದರೆ ಹದಿನಾರು ಸೆಲ್, ಅಂದರೆ ಹೆಚ್ಚೆಂದರೆ ಐದು ದೀಪ. ಇನ್ನೂ ಪರೀಕ್ಷೆ ಮುಗಿಯದ ಸೆಲ್‌ಗಳನ್ನು ಯಾರೂ ಇಲ್ಲದ ರಾತ್ರಿಯಲ್ಲಿ ಓಡಿಸುವುದು ಬೆಂಕಿಗೆ ಆಹ್ವಾನ, ಆದ್ದರಿಂದ ಮೂರನೆಯ ಸರದಿ ಇಲ್ಲ. ಯಂತ್ರ ಹೆಚ್ಚಿಸಬಹುದು, ಆದರೆ 2014ರಿಂದೀಚೆಗೆ ಹೊಸ ಸೆಲ್‌ಗಳ ಬೆಲೆ ಬಹಳ ಇಳಿದಿದೆ. ವಿಂಗಡಣೆಯ ಕೂಲಿ ಹೊಸ ಸೆಲ್ಲಿನ ಬೆಲೆಯನ್ನು ಮುಟ್ಟಿದ ದಿನ ಈ ವ್ಯಾಪಾರ ನಿಂತಂತೆಯೇ. ಒಂದೇ ಕಂಪನಿ ಒಂದೇ ಮಾದರಿಯ ನೂರಾರು ಲ್ಯಾಪ್‌ಟಾಪ್‌ಗಳನ್ನು ಒಮ್ಮೆಗೆ ವಿಲೇವಾರಿ ಮಾಡುವಾಗ ಆ ಲಾಟು ಸಿಕ್ಕರೆ ಕೆಲಸ ಹಗುರ, ಏಕೆಂದರೆ ಸೆಲ್‌ಗಳ ತಯಾರಿಕೆ, ವಯಸ್ಸು ಹೆಚ್ಚುಕಡಿಮೆ ಒಂದೇ. ಗುಜರಿ ಅಂಗಡಿಯ ಮಿಶ್ರ ಮಾಲಿನಲ್ಲಿ ಈ ಅನುಕೂಲವಿಲ್ಲ.

ಕಾನೂನಿನ ಬಗ್ಗೆ ಒಂದು ಮಾತು: 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿ ನವೀಕರಿಸುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಮೇಲಿನ ಪ್ಯಾಕಿನಲ್ಲಿ ತಿರಸ್ಕೃತವಾದ ಮೂರು ಸೆಲ್‌ಗಳೂ ಈಗ ನಿಮ್ಮ ಹೊಣೆಯೇ. ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ಲೋಹದ ಡಬ್ಬಿಯಲ್ಲಿಟ್ಟು, ನೋಂದಾಯಿತ ಮರುಬಳಕೆದಾರರಿಗೆ ಕೊಡಬೇಕು.