ಪದ ಪರಿಚಯ: ಇಂಡೆಕ್ಸ್ ಫಂಡ್ ಮತ್ತು ಆ್ಯಕ್ಟಿವ್ ಫಂಡ್

ನಿಫ್ಟಿ 50 ಎಂಬುದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ 50 ದೊಡ್ಡ ಕಂಪನಿಗಳ ಸೂಚ್ಯಂಕ. ಇಂಥ ಒಂದು ಸೂಚ್ಯಂಕದ ಎಲ್ಲ ಕಂಪನಿಗಳ ಷೇರುಗಳನ್ನು ಅದರಲ್ಲಿ ಅವುಗಳಿಗಿರುವ ತೂಕಕ್ಕೆ ಸರಿಯಾಗಿ ಕೊಂಡು ಇಟ್ಟುಕೊಳ್ಳುವ ಮ್ಯೂಚುವಲ್ ಫಂಡನ್ನು ಇಂಡೆಕ್ಸ್ ಫಂಡ್ ಎನ್ನುತ್ತಾರೆ. ಯಾವ ಷೇರು ಏರೀತು, ಯಾವುದು ಇಳಿದೀತು ಎಂಬ ಊಹೆಗೆ ಅಲ್ಲಿ ಅವಕಾಶವಿಲ್ಲ. ಆ್ಯಕ್ಟಿವ್ ಫಂಡಿನಲ್ಲಿ ಆ ಆಯ್ಕೆಯೇ ಫಂಡ್ ಮ್ಯಾನೇಜರನ ಕೆಲಸ. ಸೂಚ್ಯಂಕಕ್ಕಿಂತ ಹೆಚ್ಚು ಗಳಿಸಿಕೊಡುತ್ತೇನೆಂಬ ನಿರೀಕ್ಷೆಯ ಮೇಲೆಯೇ ಆತನಿಗೆ ಹೆಚ್ಚಿನ ಶುಲ್ಕ ಸಲ್ಲುತ್ತದೆ.

ಈ ಶುಲ್ಕದ ಹೆಸರು ಎಕ್ಸ್‌ಪೆನ್ಸ್ ರೇಷಿಯೋ, ಅಂದರೆ ವೆಚ್ಚದ ಅನುಪಾತ. ಇದಕ್ಕೆ ಬಿಲ್ ಎಂಬುದು ಎಂದೂ ಬರುವುದಿಲ್ಲ. ವರ್ಷದ ಶೇಕಡಾವಾರು ವೆಚ್ಚವನ್ನು ದಿನದಿನಕ್ಕೆ ಹಂಚಿ, ಅದನ್ನು ಕಳೆದ ಮೇಲೆಯೇ ಯೂನಿಟ್ಟಿನ ಬೆಲೆಯನ್ನು, ಅಂದರೆ ಎನ್‌ಎವಿಯನ್ನು, ಪ್ರಕಟಿಸುವುದರಿಂದ ಹೂಡಿಕೆದಾರನ ಕಣ್ಣಿಗೆ ಬೀಳುವುದು ಕಳೆದುಳಿದ ಲಾಭ ಮಾತ್ರ.

ಒಂದು ಲೆಕ್ಕವನ್ನು ನೋಡೋಣ. ಒಂದು ಲಕ್ಷ ರೂಪಾಯಿಯನ್ನು 20 ವರ್ಷ ತೊಡಗಿಸಲಾಗಿದೆ, ವೆಚ್ಚ ಕಳೆಯುವ ಮೊದಲಿನ ಗಳಿಕೆ ವರ್ಷಕ್ಕೆ ಶೇ 11 ಎಂದಿಟ್ಟುಕೊಳ್ಳೋಣ. ಇದು ಉದಾಹರಣೆಯೇ ಹೊರತು ಭವಿಷ್ಯವಾಣಿಯಲ್ಲ. ಶೇ 0.2 ವೆಚ್ಚದ ಇಂಡೆಕ್ಸ್ ಫಂಡಿನಲ್ಲಿ ಆ ಹಣ ಸುಮಾರು 7.78 ಲಕ್ಷವಾಗುತ್ತದೆ. ಶೇ 1 ವೆಚ್ಚವಿರುವ ಆ್ಯಕ್ಟಿವ್ ಫಂಡಿನ ಡೈರೆಕ್ಟ್ ಪ್ಲಾನಿನಲ್ಲಿ 6.73 ಲಕ್ಷ, ಅದೇ ಫಂಡಿನ ಶೇ 2 ವೆಚ್ಚದ ರೆಗ್ಯುಲರ್ ಪ್ಲಾನಿನಲ್ಲಿ 5.60 ಲಕ್ಷ. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ 2.18 ಲಕ್ಷದ ಅಂತರವನ್ನು ಆ್ಯಕ್ಟಿವ್ ನಿರ್ವಹಣೆಯ ದುಬಾರಿತನವೆಂದು ತೋರಿಸುವುದು ವಾಡಿಕೆ. ಆದರೆ ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನ ಪಾಲು ಮ್ಯಾನೇಜರನದಲ್ಲ; ರೆಗ್ಯುಲರ್ ಪ್ಲಾನನ್ನು ಮಾರಿದ ವಿತರಕನ ಕಮಿಷನ್ನಿನದು. 2013ರ ಜನವರಿಯಿಂದ ಪ್ರತಿ ಫಂಡಿಗೂ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಲಭ್ಯವಿರುವುದರಿಂದ, ಹೋಲಿಸುವುದಾದರೆ ಡೈರೆಕ್ಟನ್ನು ಡೈರೆಕ್ಟ್ ಜತೆಗೇ ಹೋಲಿಸಬೇಕು. ಹಾಗೆ ಹೋಲಿಸಿದಾಗ ಪ್ರಶ್ನೆ ಸ್ಪಷ್ಟವಾಗುತ್ತದೆ: ವರ್ಷಕ್ಕೆ ಶೇ 0.8ರಷ್ಟು ಹೆಚ್ಚುವರಿ ವೆಚ್ಚವನ್ನು ತುಂಬಿಕೊಟ್ಟು, ಅದರ ಮೇಲೂ ಏನಾದರೂ ಉಳಿಸಿಕೊಡಲು ಮ್ಯಾನೇಜರನಿಗೆ ಸಾಧ್ಯವೇ?

ದೊಡ್ಡ ಕಂಪನಿಗಳಲ್ಲಿ ತೊಡಗಿಸುವ ಲಾರ್ಜ್ ಕ್ಯಾಪ್ ವರ್ಗದ ಮಟ್ಟಿಗೆ ಸಾಕ್ಷ್ಯ ಆತನ ಪರವಾಗಿಲ್ಲ. ಎಸ್ ಅಂಡ್ ಪಿ ಸಂಸ್ಥೆ ನಿಯತವಾಗಿ ಪ್ರಕಟಿಸುವ ಸ್ಪೈವಾ ವರದಿಗಳ ಪ್ರಕಾರ, ಭಾರತದಲ್ಲಿ ದೀರ್ಘಾವಧಿಯಲ್ಲಿ ಈ ವರ್ಗದ ಬಹುಪಾಲು ಫಂಡುಗಳು ಸೂಚ್ಯಂಕಕ್ಕಿಂತ ಹಿಂದೆ ಬಿದ್ದಿವೆ. ನಡುವೆ ಮುಚ್ಚಿಹೋದ ಅಥವಾ ಬೇರೆ ಫಂಡಿನಲ್ಲಿ ವಿಲೀನವಾದ ಫಂಡುಗಳನ್ನೂ ಈ ವರದಿ ಲೆಕ್ಕಕ್ಕೆ ಹಿಡಿಯುತ್ತದೆ. ಅವನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದರೆ, ನಪಾಸಾದವರನ್ನು ಹೊರಗಿಟ್ಟು ತರಗತಿಯ ಫಲಿತಾಂಶ ಹೇಳಿದಂತಾಗುತ್ತದೆ. ಹಿನ್ನಡೆಗೆ ವೆಚ್ಚದ ಜತೆಗೆ ನಿಯಮದ ಕಾರಣವೂ ಇದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2017ರ ವರ್ಗೀಕರಣದಂತೆ ಲಾರ್ಜ್ ಕ್ಯಾಪ್ ಫಂಡ್ ತನ್ನ ಹಣದಲ್ಲಿ ಕನಿಷ್ಠ ಶೇ 80ನ್ನು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಸ್ಥಾನದಲ್ಲಿರುವ ಕಂಪನಿಗಳಲ್ಲೇ ತೊಡಗಿಸಬೇಕು. ಎಲ್ಲರೂ ಗಮನಿಸುವ ಆ ನೂರು ಕಂಪನಿಗಳಲ್ಲಿ ಇತರರ ಕಣ್ಣಿಗೆ ಬೀಳದ್ದನ್ನು ಹುಡುಕಿ ತೆಗೆಯುವುದು ಕಷ್ಟ. ಮಧ್ಯಮ ಮತ್ತು ಸಣ್ಣ ಕಂಪನಿಗಳ ವರ್ಗದಲ್ಲಿ ಚಿತ್ರ ಇಷ್ಟು ಏಕಪಕ್ಷೀಯವಾಗಿಲ್ಲ.

ಹಳೆಯ ಜಾಹೀರಾತುಗಳಲ್ಲಿ ಆ್ಯಕ್ಟಿವ್ ಫಂಡುಗಳು ಇನ್ನೂ ಉಜ್ವಲವಾಗಿ ಕಾಣುತ್ತಿದ್ದವು. ಫಂಡಿನ ಗಳಿಕೆಯಲ್ಲಿ ಕಂಪನಿಗಳು ಕೊಟ್ಟ ಡಿವಿಡೆಂಡ್ ಸೇರಿರುತ್ತಿತ್ತು, ಹೋಲಿಕೆಗೆ ಬಳಸುತ್ತಿದ್ದ ಸೂಚ್ಯಂಕದಲ್ಲಿ ಸೇರಿರುತ್ತಿರಲಿಲ್ಲ. ಡಿವಿಡೆಂಡನ್ನೂ ಒಳಗೊಂಡ ಸೂಚ್ಯಂಕದೊಂದಿಗೇ, ಅಂದರೆ ಟಿಆರ್‌ಐ ಜತೆಗೇ, ಹೋಲಿಸಬೇಕೆಂದು ಸೆಬಿ 2018ರ ಫೆಬ್ರವರಿಯಿಂದ ಕಡ್ಡಾಯ ಮಾಡಿತು.

ಹಾಗೆಂದು ಇಂಡೆಕ್ಸ್ ಫಂಡ್ ಸುರಕ್ಷಿತ ಠೇವಣಿಯಲ್ಲ. 2020ರ ಜನವರಿ ಮಧ್ಯದಿಂದ ಮಾರ್ಚ್ 23ರೊಳಗೆ ನಿಫ್ಟಿ ಸುಮಾರು ಶೇ 38 ಕುಸಿದಾಗ ಅದನ್ನು ಹಿಂಬಾಲಿಸುವ ಫಂಡುಗಳೂ ಅಷ್ಟೇ ಕುಸಿದವು. ಸ್ವಲ್ಪ ಹಣವನ್ನು ನಗದಾಗಿ ಇಟ್ಟುಕೊಂಡು ಕಾಯುವ ಸ್ವಾತಂತ್ರ್ಯ ಅವುಗಳಿಗಿಲ್ಲ. ಜತೆಗೆ ಎಲ್ಲ ಇಂಡೆಕ್ಸ್ ಫಂಡುಗಳೂ ಒಂದೇ ಅಲ್ಲ. ಸೂಚ್ಯಂಕದ ಟಿಆರ್‌ಐ ಗಳಿಕೆಗಿಂತ ಫಂಡಿನ ಗಳಿಕೆ ಎಷ್ಟು ಕಡಿಮೆ ಎಂಬುದನ್ನು ಟ್ರ್ಯಾಕಿಂಗ್ ಡಿಫರೆನ್ಸ್ ಎನ್ನುತ್ತಾರೆ. ಅದು ಘೋಷಿತ ವೆಚ್ಚಕ್ಕಿಂತ ಬಹಳ ಹೆಚ್ಚಾಗಿದ್ದರೆ, ಖರೀದಿಯ ವಿಳಂಬದಿಂದಲೋ ಕೈಯಲ್ಲುಳಿದ ನಗದಿನಿಂದಲೋ ಹಣ ಸೋರುತ್ತಿದೆಯೆಂದು ತಿಳಿಯಬಹುದು.

ತಮ್ಮದು ಯಾವ ಪ್ಲಾನ್ ಎಂದು ತಿಳಿಯದವರು ಖಾತೆಯ ವಿವರಪಟ್ಟಿಯಲ್ಲಿ ಫಂಡಿನ ಹೆಸರಿನೊಂದಿಗೆ Direct ಅಥವಾ Regular ಎಂದಿರುವುದನ್ನು ನೋಡಬಹುದು. ಒಂದೇ ಫಂಡಿನ ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಬದಲಾಯಿಸುವುದನ್ನೂ ಕಾನೂನು ಮಾರಾಟವೆಂದೇ ಪರಿಗಣಿಸುವುದರಿಂದ, ಲಾಭದ ಮೇಲಿನ ತೆರಿಗೆಯನ್ನೂ ಬೇಗ ಹೊರಬಂದರೆ ಫಂಡ್ ವಿಧಿಸುವ ಶುಲ್ಕವಾದ ಎಕ್ಸಿಟ್ ಲೋಡ್ ಇದ್ದರೆ ಅದನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಹೊಸ ಕಂತುಗಳನ್ನು ಮಾತ್ರ ಬದಲಿಸಿ ಹಳೆಯ ಯೂನಿಟ್ಟುಗಳನ್ನು ಹಾಗೆಯೇ ಬಿಟ್ಟರೆ ಈ ತೊಡಕು ಸದ್ಯಕ್ಕೆ ಎದುರಾಗುವುದಿಲ್ಲ. ಆದರೆ ಆ ಹಳೆಯ ಯೂನಿಟ್ಟುಗಳ ಮೇಲಿನ ಕಮಿಷನ್ ಅವು ಇರುವಷ್ಟು ಕಾಲವೂ ಕಡಿತವಾಗುತ್ತಲೇ ಇರುತ್ತದೆ.